ಕೊಟ್ಟಿಗೆ ಮೂಲೆಗೆ ಕಟ್ಟಿದ ಮೇಕೆ ಎಷ್ಟು ಜಾಗ ಮೇಯುತ್ತದೆ? ಹಗ್ಗ ಗೋಡೆಗಿಂತ ಉದ್ದವಿದ್ದಾಗ ಲೆಕ್ಕ ಹಾಕುವ ಬಗೆ

ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಎರಡು ಥರ. ಒಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡುವವರು. ಇನ್ನೊಬ್ಬರು ನಿಜವಾಗಿಯೂ ಮನೆ ಹಿಂದೆ ಒಂದೆರಡು ಮೇಕೆ ಕಟ್ಟಿಕೊಂಡಿರುವವರು. "ಕೊಟ್ಟಿಗೆಯ ಮೂಲೆಗೆ ಗೂಟ ಹೊಡೆದು ಕಟ್ಟಿದ್ದೇನೆ, ಹಗ್ಗ ಒಂದು ಗೋಡೆಗಿಂತ ಉದ್ದ ಇದೆ, ಎಷ್ಟು ಹುಲ್ಲು ಸಿಗುತ್ತೆ, ಅಡಿಕೆ ಸಸಿಗೆ ಬಾಯಿ ಹಾಕುತ್ತಾ?" ಅಂತ ಕೇಳುತ್ತಾರೆ. ಇಬ್ಬರಿಗೂ ಉತ್ತರ ಒಂದೇ. ಅದನ್ನು ಒಂದು ಉದಾಹರಣೆ ಇಟ್ಟುಕೊಂಡು ಇಲ್ಲಿ ಪೂರ್ತಿ ಬಿಡಿಸಿದ್ದೇನೆ.

ಮೊದಲೇ ಒಂದು ಮಾತು. ಹಗ್ಗ ಗೋಡೆಗಿಂತ ಉದ್ದವಾದಾಗ ಮೇಕೆ ಮೂಲೆ ತಿರುಗಿ ಗೋಡೆಯ ಹಿಂದೆ ಹೋಗುತ್ತದೆ. ಅಲ್ಲಿ ಸಿಗುವ ಜಾಗ ಬಹಳ ಕಡಿಮೆ. ಆದರೆ ಸಸಿ ತಿನ್ನುವುದು, ದರೆಯಿಂದ ಜಾರುವುದು, ಹಗ್ಗ ಸವೆಯುವುದು ಎಲ್ಲ ಆಗುವುದು ಅಲ್ಲೇ. ಹಾಗಾಗಿ ಒಟ್ಟು ವಿಸ್ತೀರ್ಣಕ್ಕಿಂತ ಮೂಲೆ ತಿರುಗಿದ ಮೇಲೆ ಎಷ್ಟು ಹಗ್ಗ ಉಳಿಯುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ.

ಬೇಕಾಗುವುದು

ಅಳತೆಯ ಟೇಪು, ಒಂದಿಷ್ಟು ಸುಣ್ಣದ ಪುಡಿ, ಪೆನ್ನು, ಕಾಗದ ಇದ್ದರೆ ಸಾಕು. ಅಡಿ ಲೆಕ್ಕದಲ್ಲೇ ಹೋಗೋಣ. 1 ಗುಂಟೆ ಅಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ. ಇದು ಕೊನೆಯಲ್ಲಿ ಬೇಕಾಗುತ್ತದೆ. ಪೈ ಅನ್ನುವುದಕ್ಕೆ 22/7 ಹಾಕಿಕೊಂಡರೆ ನಮ್ಮ ಕೆಲಸಕ್ಕೆ ಧಾರಾಳ ಆಯಿತು.

ಹಂತ 1: ಕೊಟ್ಟಿಗೆಯನ್ನು ಹಗ್ಗ ತಾಗುವ ಮಟ್ಟದಲ್ಲಿ ಅಳೆಯಿರಿ

ಇಲ್ಲಿಯೇ ಅನೇಕರು ಎಡವುತ್ತಾರೆ. ಗೋಡೆಯನ್ನು ಎದೆಯೆತ್ತರದಲ್ಲಿ ಅಳೆದುಬಿಡುತ್ತಾರೆ. ಆದರೆ ಹಗ್ಗ ಎಳೆದಾಡುವುದು ನೆಲದ ಹತ್ತಿರ. ಕೊಟ್ಟಿಗೆಗೆ ಸುತ್ತ ಕಟ್ಟೆ ಇದ್ದರೆ ಹಗ್ಗ ತಾಗುವುದು ಕಟ್ಟೆಯ ಅಂಚಿಗೆ, ಗೋಡೆಗಲ್ಲ. ಕಟ್ಟೆ ಎಲ್ಲ ಕಡೆಗೂ ಒಂದು ಅಡಿ ಹೊರಗೆ ಬಂದಿದ್ದರೆ ಪ್ರತಿ ಬದಿಯ ಉದ್ದವೂ ಗೋಡೆಗಿಂತ ಎರಡು ಅಡಿ ಜಾಸ್ತಿ ಆಗುತ್ತದೆ. ಸೂರು ಎಷ್ಟು ಹೊರಗೆ ಚಾಚಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಮೇಕೆ ಅದರ ಕೆಳಗೂ ಮೇಯುತ್ತದೆ.

ನಮ್ಮ ಉದಾಹರಣೆಯ ಕೊಟ್ಟಿಗೆ ಕಟ್ಟೆಯ ಅಂಚಿನಲ್ಲಿ ಅಳೆದರೆ 20 ಅಡಿಗೆ 12 ಅಡಿ. ಮುಂದಿನ ಗೋಡೆ, ಹಿಂದಿನ ಗೋಡೆ 20 ಅಡಿ. ಎಡ, ಬಲ ಗೋಡೆಗಳು 12 ಅಡಿ. ಮುಂದಿನ ಎಡ ಮೂಲೆಗೆ ಗೂಟ. ಮಲೆನಾಡಿನ ಕಡೆ ಇರುವಂತೆ ಹಿಂದಿನ ಗೋಡೆಯಿಂದ 5 ಅಡಿ ಬಿಟ್ಟು ನೆಲ ಮುಗಿದು ದರೆ ಕೆಳಗಿಳಿಯುತ್ತದೆ ಅಂತ ಇಟ್ಟುಕೊಳ್ಳಿ.

ಹಂತ 2: ಹಗ್ಗವನ್ನು ಗೂಟದಿಂದ ಬಾಯಿಯವರೆಗೆ ಅಳೆಯಿರಿ

ಅಂಗಡಿಯಲ್ಲಿ ಕೊಂಡ ಹಗ್ಗದ ಉದ್ದವನ್ನೇ ಲೆಕ್ಕಕ್ಕೆ ಹಾಕಬೇಡಿ. ಎರಡು ತುದಿಯ ಗಂಟಿಗೂ ಒಂದಿಷ್ಟು ಹಗ್ಗ ಹೋಗುತ್ತದೆ. ಇನ್ನೊಂದು ಕಡೆ, ಹಗ್ಗ ಮುಗಿಯುವುದು ಮೇಕೆಯ ಕೊರಳಿನಲ್ಲಿ, ಹುಲ್ಲು ತಿನ್ನುವುದು ಬಾಯಿ. ಕೊರಳಿನಿಂದ ಮೂತಿಯವರೆಗಿನ ಉದ್ದ ಹಗ್ಗಕ್ಕೆ ಸೇರುತ್ತದೆ.

ಸುಲಭ ದಾರಿ ಹೀಗಿದೆ. ಮೇಕೆಯನ್ನು ಕಟ್ಟಿ, ಹಗ್ಗದ ತುದಿಯಿಂದ ಸ್ವಲ್ಪ ಆಚೆಗೆ ಒಂದು ಹಿಡಿ ಸೊಪ್ಪು ನೆಲದ ಮೇಲೆ ಇಡಿ. ಅದು ಕೊರಳು ಚಾಚಿ ಹಗ್ಗ ಬಿಗಿ ಮಾಡಿಕೊಂಡು ಬಾಯಿ ಹಾಕುವಾಗ ಗೂಟದಿಂದ ಮೂತಿಯವರೆಗೆ ಟೇಪು ಹಿಡಿಯಿರಿ. ಈ ಉದ್ದವೇ ತ್ರಿಜ್ಯ, ಅಂದರೆ ವೃತ್ತದ ನಡುವಿನಿಂದ ಅಂಚಿಗೆ ಇರುವ ದೂರ. ನಮ್ಮ ಉದಾಹರಣೆಯಲ್ಲಿ ಗಂಟುಗಳು ಹೋಗಿ ಹಗ್ಗ 15 ಅಡಿ, ಕೊರಳು ಚಾಚಿದ್ದು 1 ಅಡಿ, ಒಟ್ಟು 16 ಅಡಿ. ಕೆಳಗೆ ಎಲ್ಲೆಲ್ಲಿ "ಹಗ್ಗ" ಅಂದರೂ ಈ 16 ಅಡಿ ಅಂತಲೇ ತಿಳಿಯಿರಿ.

ಗೂಟ ಮೂಲೆಗೆ ಅಂಟಿಕೊಂಡೇ ಇರಬೇಕು. ಒಂದೆರಡು ಅಡಿ ದೂರ ಹೊಡೆದರೆ ಮೇಕೆ ಗೂಟಕ್ಕೂ ಗೋಡೆಗೂ ನಡುವೆ ನುಸುಳಿ ಗೂಟದ ಸುತ್ತ ಸುತ್ತಿಕೊಳ್ಳುತ್ತದೆ. 4 ಅಂಗುಲ ದಪ್ಪದ ಗೂಟಕ್ಕೆ ಒಂದು ಸುತ್ತು ಸುತ್ತಿದರೆ ಒಂದು ಅಡಿಗಿಂತ ಜಾಸ್ತಿ ಹಗ್ಗ ಹೋಯಿತು. ಮೂಲೆಗೆ ಅಂಟಿಸಿ ಹೊಡೆದರೆ ಗೋಡೆಯೇ ಅಡ್ಡ ಬರುವುದರಿಂದ ಪೂರ್ತಿ ಸುತ್ತು ಬರಲು ಆಗುವುದಿಲ್ಲ.

ಹಂತ 3: ಹಗ್ಗವನ್ನು ಎರಡು ಗೋಡೆಗೂ ಹೋಲಿಸಿ

ಗೂಟದ ಮೂಲೆಯಿಂದ ಎರಡು ಗೋಡೆ ಹೊರಡುತ್ತವೆ. ಒಂದು 12 ಅಡಿ, ಇನ್ನೊಂದು 20 ಅಡಿ. ಎರಡಕ್ಕೂ ಬೇರೆ ಬೇರೆಯಾಗಿ ಕೇಳಿಕೊಳ್ಳಿ: ಹಗ್ಗ ಈ ಗೋಡೆಗಿಂತ ಉದ್ದವಾ?

ಎಡ ಗೋಡೆಗೆ 16 ಅಡಿ ಹಗ್ಗ ಉದ್ದವೇ. 16ರಲ್ಲಿ 12 ಕಳೆದರೆ 4 ಅಡಿ ಮಿಗುತ್ತದೆ. ಅಂದರೆ ಮೇಕೆ ಹಿಂದಿನ ಎಡ ಮೂಲೆ ತಿರುಗುತ್ತದೆ.

ಮುಂದಿನ ಗೋಡೆಗೆ ಸಾಲದು. 20 ಅಡಿ ಗೋಡೆಯ ಉದ್ದಕ್ಕೆ 16 ಅಡಿ ಹೋಗಿ ನಿಲ್ಲುತ್ತದೆ. ಬಲ ಮೂಲೆ ಇನ್ನೂ 4 ಅಡಿ ದೂರ ಇದೆ. ಹಾಗಾಗಿ ಬಲಗಡೆಯಿಂದ ತಿರುಗುವ ಮಾತೇ ಇಲ್ಲ. ಎರಡು ಕಡೆಯೂ 4 ಅನ್ನುವ ಸಂಖ್ಯೆ ಬಂತು ಅಂತ ಗೊಂದಲ ಬೇಡ. ಒಂದು ಕಡೆ 4 ಅಡಿ ಹಗ್ಗ ಮಿಕ್ಕಿದೆ, ಇನ್ನೊಂದು ಕಡೆ 4 ಅಡಿ ಹಗ್ಗ ಸಾಲದು. ಬರೆದುಕೊಳ್ಳುವಾಗ ಯಾವುದರಿಂದ ಯಾವುದು ಕಳೆದಿರಿ ಅನ್ನುವುದನ್ನು ಪಕ್ಕದಲ್ಲೇ ಬರೆಯಿರಿ.

ಹಂತ 4: ದೊಡ್ಡ ಭಾಗ, ಮುಕ್ಕಾಲು ವೃತ್ತ

ಗೋಡೆಯೇ ಇಲ್ಲದ ಬಯಲಾಗಿದ್ದರೆ ಮೇಕೆ ಗೂಟದ ಸುತ್ತ ಪೂರ್ತಿ ವೃತ್ತ ಮೇಯುತ್ತಿತ್ತು. ಆದರೆ ಕೊಟ್ಟಿಗೆಯ ಮೂಲೆ 90 ಡಿಗ್ರಿಯನ್ನು ತಿಂದು ಹಾಕಿದೆ. 360ರಲ್ಲಿ 90 ಹೋದರೆ 270, ಅಂದರೆ ಮುಕ್ಕಾಲು. ಹೀಗೆ ವೃತ್ತದಿಂದ ಹೋಳು ಕತ್ತರಿಸಿದಂತೆ ಸಿಗುವ ಭಾಗಕ್ಕೆ ಶಾಲೆ ಪುಸ್ತಕದಲ್ಲಿ ತ್ರಿಜ್ಯಾಂತರ ಖಂಡ ಅನ್ನುತ್ತಾರೆ.

ಮಕ್ಕಳು ಇಲ್ಲಿ ಕಾಲು ಭಾಗ ಅಂತ ಬರೆದುಬಿಡುತ್ತಾರೆ. ಹುಲ್ಲುಗಾವಲಿನ ಒಳಗೆ ಮೂಲೆಗೆ ಕಟ್ಟಿದ ಕುದುರೆಯ ಲೆಕ್ಕ ಮಾಡಿ ಅಭ್ಯಾಸ ಆಗಿರುತ್ತದೆ. ಅಲ್ಲಿ ಪ್ರಾಣಿ ಆಯತದ ಒಳಗಿದೆ, ಅದಕ್ಕೇ ಕಾಲು. ಇಲ್ಲಿ ಮೇಕೆ ಆಯತದ ಹೊರಗಿದೆ, ಅದಕ್ಕೇ ಮುಕ್ಕಾಲು.

```
ದೊಡ್ಡ ಭಾಗ = 3/4 × 22/7 × 16 × 16
          = 22/7 × 192
          = ಸುಮಾರು 603.4 ಚದರ ಅಡಿ
```

ಹಂತ 5: ಚಿಕ್ಕ ಭಾಗ, ಮೂಲೆ ತಿರುಗಿದ ಮೇಲೆ

ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ, ಇಡೀ ಲೆಕ್ಕದ ಜೀವ ಇಲ್ಲೇ ಇದೆ.

ಮೇಕೆ ಎಡಗಡೆಯಿಂದ ಹಿಂದಕ್ಕೆ ನಡೆದು ಬರುತ್ತಿದೆ ಅಂತ ನೋಡಿ. ಒಂದು ಹಂತಕ್ಕೆ ಹಗ್ಗ ಎಡ ಗೋಡೆಗೆ ಪೂರ್ತಿ ಒರಗಿಕೊಳ್ಳುತ್ತದೆ. 12 ಅಡಿ ಗೋಡೆಗೆ ಅಂಟಿದೆ, 4 ಅಡಿ ಮೂಲೆಯಿಂದಾಚೆ ನೇರವಾಗಿ ಚಾಚಿದೆ. ಮುಕ್ಕಾಲು ವೃತ್ತ ಮುಗಿಯುವುದು ಸರಿಯಾಗಿ ಈ ಗೆರೆಯಲ್ಲಿ. ಇಲ್ಲಿಂದ ಮೇಕೆ ಕೊಟ್ಟಿಗೆಯ ಹಿಂದಕ್ಕೆ ತಿರುಗಿತು ಅನ್ನಿ. ಗೋಡೆಗೆ ಒರಗಿದ 12 ಅಡಿ ಅಲ್ಲಾಡುವುದಿಲ್ಲ. ಹಿಂದಿನ ಮೂಲೆಯೇ ಈಗ ಹೊಸ ಗೂಟ. ಉಳಿದ 4 ಅಡಿ ಮಾತ್ರ ಆ ಮೂಲೆಯ ಸುತ್ತ ತಿರುಗಿ ಹಿಂದಿನ ಗೋಡೆಗೆ ಬಂದು ಒರಗುತ್ತದೆ. ತಿರುಗಿದ್ದು 90 ಡಿಗ್ರಿ, ಅಂದರೆ ಕಾಲು ವೃತ್ತ. ಅದರ ತ್ರಿಜ್ಯ 4 ಅಡಿ.

```
ಚಿಕ್ಕ ಭಾಗ = 1/4 × 22/7 × 4 × 4
         = 22/7 × 4
         = ಸುಮಾರು 12.6 ಚದರ ಅಡಿ

ಒಟ್ಟು = 22/7 × (192 + 4) = 22/7 × 196 = 616 ಚದರ ಅಡಿ
```

616ನ್ನು 1089ರಿಂದ ಭಾಗಿಸಿದರೆ ಅರ್ಧ ಗುಂಟೆಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಮೂಲೆಯ ಹಿಂದಿನ ಪಾಲು ನೂರಕ್ಕೆ ಎರಡು ಮಾತ್ರ.

ಬೇರೆ ಅಳತೆಗೆ ಇದೇ ಸೂತ್ರ, ಹಗ್ಗ ಗಿಡ್ಡ ಗೋಡೆಗಿಂತ ಉದ್ದವಿದ್ದು ಉದ್ದ ಗೋಡೆಯನ್ನು ದಾಟದೇ ಇರುವವರೆಗೂ:

```
ವಿಸ್ತೀರ್ಣ = 3/4 × π × ಹಗ್ಗ² + 1/4 × π × (ಹಗ್ಗ − ಗಿಡ್ಡ ಗೋಡೆ)²
```

"ವೃತ್ತದಿಂದ ಕೊಟ್ಟಿಗೆ ಕಳೆದರೆ ಆಗಲ್ವಾ?"

ಹೀಗೆ ಕೇಳುವವರು ತುಂಬಾ ಜನ. ಪೂರ್ತಿ ವೃತ್ತ ಸುಮಾರು 804.6, ಕೊಟ್ಟಿಗೆ 240, ಕಳೆದರೆ 564.6 ಚದರ ಅಡಿ. ನೋಡಲು ಸರಿ ಅನ್ನಿಸುತ್ತದೆ. ಆದರೆ ಎರಡು ಕಡೆ ತಪ್ಪಿದೆ.

ಒಂದು, 20 ಅಡಿ ಉದ್ದದ ಕೊಟ್ಟಿಗೆಯ ಬಲತುದಿ 16 ಅಡಿ ವೃತ್ತದ ಒಳಗೆ ಬರುವುದೇ ಇಲ್ಲ. ವೃತ್ತದಲ್ಲಿ ಇಲ್ಲದ ಜಾಗವನ್ನು ವೃತ್ತದಿಂದ ಕಳೆದ ಹಾಗಾಯಿತು.

ಎರಡು, ಹಗ್ಗ ಗೋಡೆಯನ್ನು ತೂರಿಕೊಂಡು ಹೋಗುವುದಿಲ್ಲ. ಇದನ್ನು ಒಂದು ಸಸಿ ಇಟ್ಟು ನೋಡೋಣ. ಹಿಂದಿನ ಗೋಡೆಯ ಬುಡದಲ್ಲಿ, ಎಡ ಮೂಲೆಯಿಂದ 8 ಅಡಿ ದೂರಕ್ಕೆ ಒಂದು ಅಡಿಕೆ ಸಸಿ ಇದೆ. ಗೂಟದಿಂದ ಅದಕ್ಕೆ ಕೊಟ್ಟಿಗೆಯ ಒಳಗಿಂದ ನೇರ ಗೆರೆ ಎಳೆದರೆ ದೂರ ಸುಮಾರು 14.4 ಅಡಿ. ಹಗ್ಗ 16 ಅಡಿ ಇರುವುದರಿಂದ ಸಸಿ ಹೋಯಿತು ಅಂತ ಅನ್ನಿಸುತ್ತದೆ. ಆದರೆ ಮೇಕೆ ಹೋಗಬೇಕಾದ ದಾರಿ 12 ಅಡಿ ಗೋಡೆ, ಆಮೇಲೆ 8 ಅಡಿ, ಒಟ್ಟು 20. ಸಸಿ ಉಳಿಯಿತು. ಅದೇ ಸಸಿ ಮೂಲೆಯಿಂದ 3 ಅಡಿಗೆ ಇದ್ದಿದ್ದರೆ ದಾರಿ 15 ಅಡಿ, ಆರಾಮಾಗಿ ತಿನ್ನುತ್ತದೆ. ಹಿಂದೆ ನೆಟ್ಟಿರುವುದನ್ನು ಪರೀಕ್ಷೆ ಮಾಡಬೇಕಾದರೆ ಗೂಟದ ಹತ್ತಿರ ನಿಂತು ಅಂದಾಜು ಮಾಡಬೇಡಿ. ಹಿಂದಿನ ಮೂಲೆಗೆ ಹೋಗಿ ನಿಂತು, ಅಲ್ಲಿಂದ 4 ಅಡಿ ಟೇಪು ಹಿಡಿದು ನೋಡಿ.

ಹಂತ 6: ನೆಲದ ಮೇಲೆ ಬರೆದು ಖಚಿತ ಮಾಡಿಕೊಳ್ಳಿ

ಗೂಟಕ್ಕೆ 16 ಅಡಿ ಹಗ್ಗ ಕಟ್ಟಿ, ತುದಿಯಲ್ಲಿ ಸುಣ್ಣದ ಪುಡಿ ಹಿಡಿದುಕೊಳ್ಳಿ. ಮುಂದಿನ ಗೋಡೆಯ ಬುಡದಿಂದ ಶುರು ಮಾಡಿ, ಹಗ್ಗ ಸಡಿಲ ಆಗದ ಹಾಗೆ ಅಂಗಳ, ಎಡಬದಿ ಬಳಸಿಕೊಂಡು ಹಿಂದೆ ಬನ್ನಿ. ಹಗ್ಗ ಗೋಡೆಗೆ ಒರಗಿದ ಕೂಡಲೇ ಕೈಗೇ ಗೊತ್ತಾಗುತ್ತದೆ, ತಿರುವು ಒಮ್ಮೆಲೇ ಬಿಗಿಯಾಗುತ್ತದೆ. ಹಾಗಂತ ಬರೆದ ಗೆರೆಯಲ್ಲಿ ಎಲ್ಲೂ ಮುರಿದ ಮೂಲೆ ಕಾಣುವುದಿಲ್ಲ. ದೊಡ್ಡ ತಿರುವು ಚಿಕ್ಕ ತಿರುವಿಗೆ ನಯವಾಗಿ ಸೇರಿಕೊಳ್ಳುತ್ತದೆ, ಯಾಕೆಂದರೆ ಗೂಟ, ಹಿಂದಿನ ಮೂಲೆ, ನಿಮ್ಮ ಕೈ ಮೂರೂ ಆ ಗಳಿಗೆಯಲ್ಲಿ ಒಂದೇ ಗೆರೆಯಲ್ಲಿರುತ್ತವೆ. ನಿಮ್ಮ ಗೆರೆಯಲ್ಲಿ ಅಲ್ಲಿ ಮುರಿತ ಕಂಡರೆ ಹಗ್ಗ ಸಡಿಲವಾಗಿತ್ತು ಅಥವಾ ಗೂಟ ಮೂಲೆಯಿಂದ ದೂರ ಇದೆ ಅಂತ ಅರ್ಥ.

ಕೊನೆಗೆ ಹಿಂದಿನ ಗೋಡೆಗೆ ಗೆರೆ ಬಂದು ಮುಟ್ಟಿದ ಜಾಗ ಮೂಲೆಯಿಂದ 4 ಅಡಿ ಇರಬೇಕು. ಇಲ್ಲದಿದ್ದರೆ ಹಂತ 1 ಅಥವಾ 2ರ ಅಳತೆ ತಪ್ಪಿದೆ.

ಹಂತ 7: ಹಗ್ಗ ಎಷ್ಟಿರಬೇಕು ಅಂತ ಹಿಂದಿನಿಂದ ತೀರ್ಮಾನಿಸಿ

ಹಗ್ಗವನ್ನು ಒಂದು ಅಡಿ ಉದ್ದ ಮಾಡಿ 17 ಅಡಿ ಮಾಡಿದರೆ ಒಟ್ಟು ಜಾಗ ಸುಮಾರು 701 ಚದರ ಅಡಿ ಆಗುತ್ತದೆ. ಒಂದೇ ಅಡಿಗೆ 85 ಚದರ ಅಡಿ ಹುಲ್ಲು ಜಾಸ್ತಿ ಸಿಕ್ಕಿತು. ಆಸೆ ಆಗುವುದು ಸಹಜ. ಆದರೆ ಹಿಂದೆ ದರೆ ಇರುವುದು ಗೋಡೆಯಿಂದ 5 ಅಡಿಗೆ. 17 ಅಡಿ ಹಗ್ಗದಲ್ಲಿ 17ರಿಂದ 12 ಕಳೆದರೆ 5, ಮೂತಿ ಸರಿಯಾಗಿ ದರೆಯ ಅಂಚಿಗೆ ಬರುತ್ತದೆ. 18 ಅಡಿ ಮಾಡಿದರೆ ಅಂಚು ದಾಟುತ್ತದೆ. ಮಳೆಗಾಲದಲ್ಲಿ ದರೆಯ ಅಂಚು ಕುಸಿಯುತ್ತದೆ, ಮೇಕೆಗೆ ದರೆಯ ಮೇಲಿನ ಸೊಪ್ಪು ಅಂದರೆ ಪ್ರಾಣ. ಕಾಲು ಜಾರಿದರೆ ಹಗ್ಗಕ್ಕೆ ನೇತಾಡಿ ಕೊರಳು ಬಿಗಿಯುತ್ತದೆ. ಹತ್ತಿರ ಯಾರೂ ಇಲ್ಲದಿದ್ದರೆ ಪ್ರಾಣಿ ಉಳಿಯುವುದಿಲ್ಲ.

ಆದ್ದರಿಂದ ಮೊದಲು ಹಿಂದೆ ಎಷ್ಟು ಅಡಿ ಬಿಡಬಹುದು ಅಂತ ನೋಡಿ, ಅದಕ್ಕೆ ಗಿಡ್ಡ ಗೋಡೆಯ ಉದ್ದ ಸೇರಿಸಿ. ಅದೇ ನಿಮ್ಮ ಹಗ್ಗದ ಮಿತಿ. ಇಲ್ಲಿ ದರೆಗೆ ಒಂದು ಅಡಿ ಅಂತರ ಇಟ್ಟು 4 ಅಡಿ ಬಿಟ್ಟೆವು, 4 ಮತ್ತು 12 ಸೇರಿ 16. ಇದರಿಂದ ಬಾಯಿಯ ಒಂದು ಅಡಿ ಕಳೆದು 15 ಅಡಿಗೆ ಗಂಟು ಹಾಕಿ.

ಆ ಹಿಂದಿನ ಮೂಲೆಯನ್ನು ದಿನಾ ಒಮ್ಮೆ ಕೈಯಿಂದ ಸವರಿ ನೋಡಿ. ಮೇಕೆ ಮೂಲೆ ತಿರುಗಿದಾಗಲೆಲ್ಲ ಹಗ್ಗ ಒಂದೇ ಜಾಗದಲ್ಲಿ, ಗೂಟದಿಂದ 12 ಅಡಿಯ ಆಸುಪಾಸಿನಲ್ಲಿ, ಉಜ್ಜುತ್ತದೆ. ಗೋಡೆ ಜಿಂಕ್ ಶೀಟಿನದಾಗಿದ್ದರೆ ಅಂಚು ಹಗ್ಗವನ್ನು ಕೊಯ್ಯುತ್ತದೆ. ಆ ಮೂಲೆಗೆ ಹಳೇ ಟೈರಿನ ತುಂಡು ಬಡಿದರೆ ಹಗ್ಗ ಬಾಳುತ್ತದೆ.

ಹಗ್ಗವನ್ನು ಎತ್ತರದ ಕೊಂಡಿಗೆ ಕಟ್ಟಿದ್ದರೆ

ನೆಲದ ಗೂಟದ ಬದಲು ಗೋಡೆಯಲ್ಲಿ 3 ಅಡಿ ಎತ್ತರದ ಕೊಂಡಿಗೆ ಕಟ್ಟುವವರಿದ್ದಾರೆ. ಆಗ ಹಗ್ಗ ಓರೆಯಾಗಿ ಇಳಿಯುತ್ತದೆ, ನೆಲದ ಮೇಲೆ ಪೂರ್ತಿ 16 ಅಡಿ ಸಿಗುವುದಿಲ್ಲ. 16ರ ವರ್ಗ 256, 3ರ ವರ್ಗ 9, ಕಳೆದರೆ 247. ಅದರ ವರ್ಗಮೂಲ ಸುಮಾರು 15.7. ಸೂತ್ರದಲ್ಲಿ 16ರ ಜಾಗಕ್ಕೆ ಇದನ್ನು ಹಾಕಿದರೆ ಒಟ್ಟು ಸುಮಾರು 593 ಚದರ ಅಡಿ. ಸುಮ್ನೆ ಎತ್ತರಕ್ಕೆ ಕಟ್ಟಿದ್ದಕ್ಕೆ 23 ಚದರ ಅಡಿ ಹೋಯಿತು. ಕೊಂಡಿ ನೆಲದ ಹತ್ತಿರವೇ ಇರಲಿ.

ಗೋಡೆಯ ನಡುವೆ ಕಟ್ಟಿದರೆ?

ಇದೂ ಆಗಾಗ ಬರುವ ಪ್ರಶ್ನೆ. 20 ಅಡಿ ಗೋಡೆಯ ಸರಿ ನಡುವೆ ಗೂಟ ಇದ್ದರೆ ಮುಂದೆ ಅರ್ಧ ವೃತ್ತ ಮಾತ್ರ ಸಿಗುತ್ತದೆ. ಎರಡೂ ಮೂಲೆ 10 ಅಡಿಗೆ ಇರುವುದರಿಂದ ಎರಡು ಕಡೆಯೂ 6 ಅಡಿ ಹಗ್ಗ ಮಿಕ್ಕಿ, 6 ಅಡಿ ತ್ರಿಜ್ಯದ ಎರಡು ಕಾಲು ವೃತ್ತ ಸೇರುತ್ತವೆ. ಎಲ್ಲ ಕೂಡಿದರೆ ಸುಮಾರು 459 ಚದರ ಅಡಿ. ಅದೇ ಹಗ್ಗಕ್ಕೆ ಮೂಲೆಯಲ್ಲಿ 616. ಹುಲ್ಲು ಬೇಕು ಅಂದರೆ ಮೂಲೆಯೇ ಒಳ್ಳೆಯದು. ಯಾವ ಮೂಲೆ ಆದರೂ ವಿಸ್ತೀರ್ಣ ಒಂದೇ, ಸುತ್ತ ಬಯಲಿದ್ದರೆ. ಆದರೆ ಮೇಕೆ ತಿರುಗಿ ಹೋಗುವ ಜಾಗ ಬದಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಗೂಟವನ್ನು ಹಿಂದಿನ ಮೂಲೆಗೆ ಹಾಕಿದರೆ ಮೇಕೆ ನೇರ ದರೆಗೇ ಹೋಗುತ್ತದೆ, ಅದು ಬೇಡ.

ಇನ್ನೊಂದು ಎಚ್ಚರಿಕೆ: ಈ ಲೆಕ್ಕ ಮರ, ಕಂಬ ಇಲ್ಲದ ನೆಲಕ್ಕೆ. 16 ಅಡಿಯೊಳಗೆ ಒಂದು ತೆಂಗಿನ ಮರ ಇದ್ದರೂ ಮೇಕೆ ಅದನ್ನು ಸುತ್ತಿಕೊಳ್ಳುತ್ತದೆ. ಆಗ ಯಾವ ಸೂತ್ರವೂ ನಿಲ್ಲುವುದಿಲ್ಲ. ಹಗ್ಗವನ್ನು ಮರಕ್ಕೆ ಮುಟ್ಟದಷ್ಟು ಗಿಡ್ಡ ಮಾಡಿ.

ಹಗ್ಗ ಎರಡೂ ಗೋಡೆಗಿಂತ ಉದ್ದವಿದ್ದರೆ

ಅರಸೀಕೆರೆ, ಕಡೂರಿನ ಬಯಲು ಕಡೆ ದರೆಯ ಭಯ ಇಲ್ಲ, ಉದ್ದ ಹಗ್ಗ ಬಿಡುವವರಿದ್ದಾರೆ. ಇದೇ ಕೊಟ್ಟಿಗೆಗೆ 24 ಅಡಿ ಹಗ್ಗ ಅಂದರೆ ಎಡಗಡೆಯಿಂದ 12 ಅಡಿ, ಬಲಗಡೆಯಿಂದ 4 ಅಡಿ ಮಿಗುತ್ತದೆ. ಮುಕ್ಕಾಲು ವೃತ್ತದ ಜೊತೆ ಎರಡು ಕಾಲು ವೃತ್ತ ಕೂಡಿಸಬೇಕು:

```
22/7 × (432 + 36 + 4) = ಸುಮಾರು 1483 ಚದರ ಅಡಿ
```

ಒಂದು ಗುಂಟೆ ದಾಟಿತು. ಆದರೆ ಹೀಗೆ ಕೂಡಿಸುವುದಕ್ಕೂ ಒಂದು ಗಡಿ ಇದೆ. ಎರಡು ಗೋಡೆಯ ಉದ್ದ ಸೇರಿಸಿದರೆ 32 ಅಡಿ. ಹಗ್ಗ ಅದನ್ನು ದಾಟಿದರೆ ಎಡದಿಂದ ಬಂದರೂ ಬಲದಿಂದ ಬಂದರೂ ಮೇಕೆ ಎದುರಿನ ಮೂಲೆ ದಾಟುತ್ತದೆ, ಎರಡು ಕಾಲು ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಆ ಜಾಗವನ್ನು ಎರಡು ಸಲ ಎಣಿಸಿದಂತಾಗಿ ಉತ್ತರ ನಿಜಕ್ಕಿಂತ ಜಾಸ್ತಿ ಬರುತ್ತದೆ. ಹಾಗಿದ್ದಾಗ ಚೌಕಳಿ ಕಾಗದದಲ್ಲಿ ಒಂದು ಚೌಕಕ್ಕೆ ಒಂದು ಅಡಿಯಂತೆ ಚಿತ್ರ ಬರೆದು, ಎರಡು ಸಲ ಬಂದ ಚೌಕಗಳನ್ನು ಎಣಿಸಿ ಒಮ್ಮೆ ಕಳೆಯಿರಿ.